ತಟ್ಟೆ ಬೇರೆ ಇಟ್ಟರು, ಚಾಕು ಮಾತ್ರ ಒಂದೇ

ಏಳು ವರ್ಷದ ಹುಡುಗ. ರಕ್ತದ ಕ್ಯಾನ್ಸರ್. ಆಸ್ಪತ್ರೆಯ ದೊಡ್ಡ ಚಿಕಿತ್ಸೆ ಮುಗಿದು ಮನೆಯಲ್ಲಿ ಮಾತ್ರೆ ನಡೀತಿತ್ತು. ನಮ್ಮ ಸಂಬಂಧಿಕರ ಮನೆ ಅದು. ನಾನು ಹೋದಾಗ ಅಜ್ಜಿ ಅವನ ತಟ್ಟೆ, ಲೋಟ ಎಲ್ಲ ಬೇರೆ ತೊಳೆದು ಬೇರೆ ಇಡುತ್ತಿದ್ದರು. "ಸೊಸೆ ಬಸುರಿ ಕಣಪ್ಪ, ಅವಳಿಗೆ ಅಂಟಿದ್ರೆ?" ಅಂದರು. ಸ್ವಲ್ಪ ಹೊತ್ತಿಗೆ ಅದೇ ಅಜ್ಜಿ ಚಪಾತಿ ಮಣೆ ಮೇಲೆ ತಿಳಿಹಳದಿ ಮಾತ್ರೆ ಇಟ್ಟು, ಈರುಳ್ಳಿ ಹೆಚ್ಚುವ ಚಾಕುವಿನಿಂದ ಅರ್ಧ ಮಾಡಿದರು. ಉಳಿದ ಪುಡಿಯನ್ನು ಬೆರಳಲ್ಲಿ ಸವರಿ ಸೆರಗಿಗೆ ಒರೆಸಿಕೊಂಡರು. ಮೇಲೆ ಫ್ಯಾನ್ ತಿರುಗುತ್ತಿತ್ತು.

ಕ್ಯಾನ್ಸರ್ ಅಂಟುವುದಿಲ್ಲ. ಆ ಹುಡುಗನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣಬಹುದು, ತಬ್ಬಿಕೊಂಡು ಮಲಗಬಹುದು. ಬಸುರಿ ದೂರ ಇರಬೇಕಾದದ್ದು ಮಣೆ ಮೇಲಿನ ಆ ಪುಡಿಯಿಂದ.

ಆ ಮಾತ್ರೆ 6-ಮರ್ಕ್ಯಾಪ್ಟೊಪ್ಯೂರಿನ್. ಅಮೆರಿಕದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ್ದು; 1953ರಲ್ಲಿ ಅಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಎಲಿಯನ್‌ಗೆ ಹದಿನೈದು ವರ್ಷವಿದ್ದಾಗ ಅಜ್ಜ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು, ಆ ನೋವೇ ಅವರನ್ನು ಈ ಕೆಲಸಕ್ಕೆ ಹಚ್ಚಿತು. 1988ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅವರ ಉಪಾಯ ನೋಡಿ ಎಷ್ಟು ಚೆಂದ! ಜೀವಕೋಶ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಗೆ ಇನ್ನೊಂದು ಪ್ರತಿ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಕಚ್ಚಾ ವಸ್ತುಗಳಲ್ಲಿ ಒಂದನ್ನು ತೆಗೆದುಕೊಂಡು, ಆಮ್ಲಜನಕ ಇದ್ದ ಜಾಗದಲ್ಲಿ ಗಂಧಕ ಕೂರಿಸಿದರು. ಗೋಡೆ ಕಟ್ಟುವವನಿಗೆ ನೋಡಲು ಹಾಗೇ ಇರುವ ಕಳಪೆ ಇಟ್ಟಿಗೆ ಕೊಟ್ಟ ಹಾಗೆ. ಅವನು ಗೊತ್ತಾಗದೆ ಕಟ್ಟುತ್ತಾನೆ, ಗೋಡೆ ನಿಲ್ಲುವುದಿಲ್ಲ. ಮಗ್ಗಕ್ಕೆ ಕಳಪೆ ನೂಲು ಹಾಕಿದ ಹಾಗೆ ಅಂತಲೂ ಅನ್ನಬಹುದು: ಜೋರಾಗಿ ಓಡುವ ಮಗ್ಗದಲ್ಲೇ ಜಾಸ್ತಿ ಬಟ್ಟೆ ಹಾಳು. ಕ್ಯಾನ್ಸರ್ ಕೋಶ ಬೇಗ ಬೇಗ ಎರಡಾಗುತ್ತದೆ, ಅದಕ್ಕೇ ಸಿಕ್ಕಿಬೀಳುತ್ತದೆ. ಆದರೆ ಹೊಟ್ಟೆಯೊಳಗಿನ ಕೂಸಿನ ಕೋಶಗಳೂ ಹಾಗೇ ಓಡುತ್ತಿರುತ್ತವೆ ಅಲ್ವಾ? ಔಷಧಿಗೆ ಇದು ರೋಗಿ, ಇದು ಕೂಸು ಅನ್ನುವ ಭೇದ ಗೊತ್ತಾಗುವುದಿಲ್ಲ.

ಒಂದು ದಿನ ಚೂರು ಪುಡಿ ತಾಗಿತು ಅಂತ ಗಾಬರಿ ಬೀಳಬೇಕಿಲ್ಲ. ಆದರೆ ಈ ಮಾತ್ರೆ ಸುಮಾರು ಎರಡು ವರ್ಷ ದಿನಾ ನಡೆಯುತ್ತದೆ. ದಿನಾ ಕೈಯಿಂದ ಬಾಯಿಗೆ, ಗಾಳಿಯಿಂದ ಮೂಗಿಗೆ ಹೋಗುವುದೇ ತೊಂದರೆ.

ಹಾಗಾಗಿ ಮೊದಲ ಪರಿಹಾರ, ಮಾತ್ರೆಯನ್ನು ಮನೆಯಲ್ಲಿ ಮುರಿಯದೇ ಇರುವುದು. ಮಾತ್ರೆ 50 ಮಿಲಿಗ್ರಾಂ, ಹುಡುಗನಿಗೆ ದಿನಕ್ಕೆ 75 ಬೇಕು ಅಂದುಕೊಳ್ಳಿ. ಒಂದು ದಿನ ಒಂದು, ಮಾರನೇ ದಿನ ಎರಡು ಇಡೀ ಮಾತ್ರೆ ಕೊಟ್ಟರೂ ಸರಾಸರಿ ಅಷ್ಟೇ ಆಗುತ್ತದೆ. ಎಷ್ಟೋ ಡಾಕ್ಟರುಗಳು ಹಾಗೇ ಬರೆದುಕೊಡುತ್ತಾರೆ. ನೀವಾಗಿ ಬದಲಿಸಬೇಡಿ, ಕೇಳಿ. ಮಗುವಿಗೆ ನುಂಗಲು ಆಗದಿದ್ದರೂ ಕುಟ್ಟಬೇಡಿ. ನೀರಲ್ಲಿ ಕದಡಿ ಕೊಡುವ ರೀತಿಯನ್ನು ಆಸ್ಪತ್ರೆಯ ಫಾರ್ಮಸಿಯವರು ತೋರಿಸುತ್ತಾರೆ.

ಮಾತ್ರೆ ಕೊಡುವವರು ಒಮ್ಮೆ ಬಳಸಿ ಬಿಸಾಡುವ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಲಿ. ಮಾತ್ರೆಯನ್ನು ಅದಕ್ಕೇ ಅಂತ ಇಟ್ಟ ಚಿಕ್ಕ ಕಪ್ಪಿಗೆ ಹಾಕಿ ಕೊಟ್ಟರೆ ಮುಟ್ಟುವ ಪ್ರಸಂಗವೇ ಕಡಿಮೆ. ಗ್ಲೌಸನ್ನು ಮಣಿಕಟ್ಟಿನಿಂದ ಒಳಮೈ ಹೊರಗೆ ಬರುವಂತೆ ಬಿಚ್ಚಿ, ಸೋಪು ನೀರಲ್ಲಿ ಕೈ ತೊಳೆಯಿರಿ. ಸ್ಯಾನಿಟೈಸರ್ ಇಲ್ಲಿ ಉಪಯೋಗಕ್ಕಿಲ್ಲ. ಅದು ಕ್ರಿಮಿ ಕೊಲ್ಲುತ್ತದೆ, ಪುಡಿಯನ್ನು ತೊಳೆದು ತೆಗೆಯುವುದಿಲ್ಲ. ಬಸುರಿ, ಹಾಲೂಡಿಸುವ ತಾಯಿ ಈ ಕೆಲಸವನ್ನು ಬೇರೆಯವರಿಗೆ ಬಿಡುವುದೇ ಒಳ್ಳೆಯದು.

ಮಾತ್ರೆ ಕೆಳಗೆ ಬಿದ್ದು ಒಡೆಯಿತು ಅಂದುಕೊಳ್ಳಿ. ಮೊದಲು ಫ್ಯಾನ್ ಆರಿಸಿ. ಪೊರಕೆ ಹಿಡಿಯಬೇಡಿ, ಗುಡಿಸಿದರೆ ಪುಡಿ ಮೇಲೇಳುತ್ತದೆ. ಗ್ಲೌಸ್ ಹಾಕಿ, ಒದ್ದೆ ಟಿಶ್ಯೂ ಮೇಲೆ ಹೊದಿಸಿ, ಅಂಚಿನಿಂದ ನಡುವಿಗೆ ಒರೆಸುತ್ತಾ ತೆಗೆಯಿರಿ. ಆಮೇಲೆ ಆ ಜಾಗವನ್ನು ಸೋಪು ನೀರಲ್ಲಿ ಎರಡು ಮೂರು ಸಲ ಒರೆಸಿ. ಟಿಶ್ಯೂ, ಗ್ಲೌಸ್ ಎಲ್ಲವನ್ನೂ ಒಂದು ಕವರಿಗೆ ಹಾಕಿ, ಅದನ್ನು ಇನ್ನೊಂದರೊಳಗೆ ಕಟ್ಟಿ.

ಮೂತ್ರ, ವಾಂತಿಯಲ್ಲೂ ಔಷಧಿ ಸ್ವಲ್ಪ ಹೊರಬರುತ್ತದೆ. ಮಾತ್ರೆ ನಡೆಯುವಷ್ಟು ದಿನ, ನಿಂತ ಮೇಲೆ ಎರಡು ದಿನ, ಮೂತ್ರ, ವಾಂತಿ ಒರೆಸುವಾಗ, ಒದ್ದೆ ಚಡ್ಡಿ ಒಗೆಯುವಾಗ ಗ್ಲೌಸ್ ಇರಲಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಕಮೋಡಾದರೆ ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಿ. ಮಗು ವಾಂತಿ ಮಾಡಿಕೊಂಡರೆ ಇನ್ನೊಂದು ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಇಡುವ ಜಾಗದ ಬಗ್ಗೆ ಒಂದು ಮಾತು, ಇದು ನನ್ನನ್ನು ನಿಜಕ್ಕೂ ಹೆದರಿಸುವ ವಿಷಯ. ಈ ಮಕ್ಕಳಿಗೆ ಸಾಮಾನ್ಯವಾಗಿ ಮೆಥೊಟ್ರೆಕ್ಸೇಟ್ ಅನ್ನುವ ಇನ್ನೊಂದು ಕ್ಯಾನ್ಸರ್ ಮಾತ್ರೆಯೂ ಇರುತ್ತದೆ. ಅದು ವಾರಕ್ಕೆ ಒಂದೇ ದಿನ. ಎರಡನ್ನೂ ಒಂದೇ ಡಬ್ಬಿಗೆ ಸುರಿದು, ಮೆಥೊಟ್ರೆಕ್ಸೇಟನ್ನೂ ದಿನಾ ಕೊಟ್ಟುಬಿಟ್ಟರೆ ಜೀವಕ್ಕೇ ಅಪಾಯ. ಬಾಯಿಹುಣ್ಣು, ಜ್ವರ ಬರುವ ಹೊತ್ತಿಗೆ ತಡವಾಗಿರುತ್ತದೆ. ಎರಡೂ ತಮ್ಮ ತಮ್ಮ ಪ್ಯಾಕಿನಲ್ಲೇ, ಬೇರೆ ಬೇರೆ ಡಬ್ಬಿಯಲ್ಲಿರಲಿ. ಮೆಥೊಟ್ರೆಕ್ಸೇಟ್ ಡಬ್ಬಿಯ ಮೇಲೆ ಅದನ್ನು ಕೊಡುವ ದಿನದ ಹೆಸರನ್ನು ದಪ್ಪಗೆ ಬರೆಯಿರಿ. ಅಡುಗೆಮನೆ ಬೇಡ, ತೇವ ಇಲ್ಲದ, ಬೀಗ ಹಾಕುವ ಬೀರು ಆಗಬಹುದು.

ಉಳಿದ ಮಾತ್ರೆ ಕಸದ ಗಾಡಿಗೂ ಬೇಡ, ಕಕ್ಕಸಿಗೂ ಬೇಡ, ಒಲೆಗಂತೂ ಬೇಡವೇ ಬೇಡ. ನಮ್ಮ ದೇಶದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆಸ್ಪತ್ರೆಗಳು ಇಂಥ ಔಷಧಿಯನ್ನು 1200 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಸುಡುವ ಕಡೆಗೆ ಕಳಿಸಬೇಕು. ಮನೆಯ ಬೆಂಕಿಗೆ ಅಷ್ಟು ಕಾವಿಲ್ಲ, ಹೊಗೆ ಮನೆಯೊಳಗೇ ಉಳಿಯುತ್ತದೆ. ಮುಂದಿನ ಸಲ ರಕ್ತ ಪರೀಕ್ಷೆಗೆ ಹೋಗುವಾಗ ಉಳಿದ ಮಾತ್ರೆ, ಕಟ್ಟಿಟ್ಟ ಕವರು ಎರಡನ್ನೂ ಜೊತೆಗೆ ಒಯ್ದು, ಎಲ್ಲಿ ಕೊಡಬೇಕು ಅಂತ ಅಲ್ಲಿನ ಫಾರ್ಮಸಿಯಲ್ಲಿ ಕೇಳಿ.

ಆ ಅಜ್ಜಿ ಈಗ ಮಾತ್ರೆಗಾಗಿ ಚಪಾತಿ ಮಣೆ ಮುಟ್ಟುವುದಿಲ್ಲ. ಹುಡುಗ ಆ ಬಸುರಿ ಸೊಸೆಯ ಪಕ್ಕವೇ ಕೂತು, ಅವಳ ತಟ್ಟೆಯಿಂದಲೇ ಹಪ್ಪಳ ಎತ್ತಿಕೊಳ್ಳುತ್ತಾನೆ.