ಹೆಜ್ಜೆ ಸದ್ದು ಸಿಂಕ್ ಆಗಿದೆ, ಆದರೂ ಯಾಕೆ ಅಂಟಿಸಿದ ಹಾಗೆ ಕೇಳುತ್ತದೆ?

ಪ್ರಶ್ನೆ: ವಿರಾಜಪೇಟೆ ಹತ್ತಿರದ ಹಳೇ ಮನೆಯೊಂದರಲ್ಲಿ ಕಾಲೇಜಿನ ಗೆಳೆಯರು ಸೇರಿ ಕಿರುಚಿತ್ರ ಮಾಡಿದ್ದೇವೆ. ಮಳೆಯಿಂದಾಗಿ ಶೂಟಿಂಗ್‌ನಲ್ಲಿ ಸಿಕ್ಕ ಧ್ವನಿ ಉಪಯೋಗಕ್ಕೆ ಬರಲಿಲ್ಲ. ಒಬ್ಬ ಹೆಂಗಸು ಹವಾಯಿ ಚಪ್ಪಲಿಯಲ್ಲಿ ಒದ್ದೆ ಅಂಗಳದಿಂದ ಜಗಲಿ ಹತ್ತಿ, ಒಳಗೆ ಬಂದು ಬಾಗಿಲು ಹಾಕುವ ದೃಶ್ಯ ಅದು. ಹೆಜ್ಜೆ, ಬಾಗಿಲು ಎರಡನ್ನೂ ಹಾಸ್ಟೆಲ್ ರೂಮಿನಲ್ಲಿ ರೆಕಾರ್ಡ್ ಮಾಡಿ ಕೂರಿಸಿದೆವು. ಸಿಂಕ್ ಸರಿಯಾಗಿದೆ. ಆದರೂ ಸದ್ದು ಚಿತ್ರದೊಳಗಿಂದ ಬಂದ ಹಾಗಿಲ್ಲ, ಮೇಲೆ ಅಂಟಿಸಿದ ಹಾಗಿದೆ. ಎಲ್ಲಿ ತಪ್ಪಿದೆ?

ಉತ್ತರ: ಸಿಂಕ್ ಸರಿ ಇದೆ ಎಂದಮೇಲೆ ಮೊದಲು ನೋಡಬೇಕಾದದ್ದು ಮೈಕು ಎಷ್ಟು ದೂರದಲ್ಲಿತ್ತು ಎಂಬುದನ್ನು. ನಿಮ್ಮದು ವೈಡ್ ಶಾಟ್ ಆಗಿದ್ದರೆ ಹೆಂಗಸು ಕ್ಯಾಮೆರಾದಿಂದ ಹದಿನೈದು ಅಡಿ ಆಚೆ ಇರುತ್ತಾಳೆ. ಸದ್ದು ಚೆನ್ನಾಗಿ ಬರಲಿ ಅಂತ ನೀವು ಮೈಕನ್ನು ಚಪ್ಪಲಿಯಿಂದ ಅರ್ಧ ಅಡಿಗೆ ಇಟ್ಟಿರುತ್ತೀರಿ. ಆಗ ರಬ್ಬರಿನ ಕಿರುಗುಟ್ಟುವಿಕೆ, ನೆಲದ ಮೇಲಿನ ಮರಳಿನ ಕಣ, ಎಲ್ಲವೂ ಕಿವಿಯ ಪಕ್ಕಕ್ಕೇ ಬಂದು ಕೂರುತ್ತದೆ. ವಾಲ್ಯೂಮ್ ಇಳಿಸಿದರೆ ಸದ್ದು ಸಣ್ಣದಾಗುತ್ತದೆಯೇ ಹೊರತು ದೂರ ಹೋಗುವುದಿಲ್ಲ. ವೈಡ್ ಶಾಟಿಗೆ ಮೈಕನ್ನು ಮೂರರಿಂದ ಐದು ಅಡಿ ಹಿಂದಕ್ಕೆ, ಮೊಣಕಾಲಿನ ಎತ್ತರದಲ್ಲಿ, ಪಾದದ ಕಡೆ ತಿರುಗಿಸಿ ಇಡಿ. ಒಂದೂವರೆ ಅಡಿಯ ದೂರವನ್ನು ಕ್ಲೋಸಪ್ಪಿಗೆ ಉಳಿಸಿಕೊಳ್ಳಿ.

ಮೈಕು ಹಿಂದೆ ಸರಿದ ಕೂಡಲೇ ಹಾಸ್ಟೆಲ್ ರೂಮಿನ ಸಿಮೆಂಟ್ ಗೋಡೆಗಳು ಮಾತಾಡತೊಡಗುತ್ತವೆ. ಆ ಪ್ರತಿಧ್ವನಿ ಹಳೇ ಮನೆಯದ್ದಲ್ಲ, ಒಮ್ಮೆ ಧ್ವನಿಯಲ್ಲಿ ಸೇರಿಕೊಂಡರೆ ತೆಗೆಯುವುದೂ ಕಷ್ಟ. ಹಾಗಾಗಿ ಮೈಕಿನ ಹಿಂದೆ ಮತ್ತು ನಡೆಯುವವರ ಹಿಂದೆ ದಪ್ಪ ಕಂಬಳಿ ಇಳಿಬಿಡಿ, ಹಾಸಿಗೆ ಇದ್ದರೆ ಗೋಡೆಗೆ ಒರಗಿಸಿ. ಕೊಡಗಿನ ಮಳೆಗಾಲದಲ್ಲಿ ಇನ್ನೂ ಒಂದು ಮಾತು ನೆನಪಿರಲಿ: ಫೋಲಿ, ಅಂದರೆ ದೃಶ್ಯಕ್ಕೆ ಹೊಂದುವ ಸದ್ದನ್ನು ಹೀಗೆ ಆಮೇಲೆ ರೆಕಾರ್ಡ್ ಮಾಡುವ ಕೆಲಸವನ್ನು, ಹಂಚು ಅಥವಾ ತಗಡಿನ ಕೆಳಗೆ ಮಾಡಬೇಡಿ. ಮೇಲೆ ಇನ್ನೊಂದು ಅಂತಸ್ತಿರುವ ಆರ್‌ಸಿಸಿ ಕಟ್ಟಡದ ಕೆಳಗಿನ ಕೋಣೆ ಹುಡುಕಿ. ಮಳೆ ನಿಂತ ರಾತ್ರಿ ಕಪ್ಪೆ, ಜೀರುಂಡೆ ಶುರುವಾಗುತ್ತವೆ, ಕಿಟಕಿ ಮುಚ್ಚಿದ್ದರೂ ಕೇಳುತ್ತವೆ. ನನ್ನನ್ನು ಕೇಳಿದರೆ ಬೆಳಗಿನ ಬಿಡುವೇ ವಾಸಿ.

ಈಗ ಹೆಜ್ಜೆಗೆ ಬರೋಣ. ಫೋಲಿಯವರು ರೂಮಿನ ತುಂಬ ಓಡಾಡುವುದಿಲ್ಲ, ನಿಂತಲ್ಲೇ ನಡೆಯುತ್ತಾರೆ. ಯೂನಿವರ್ಸಲ್ ಸ್ಟುಡಿಯೋದ ಜಾಕ್ ಫೋಲಿ ಅವರಿಂದ ಈ ಕೆಲಸಕ್ಕೆ ಹೆಸರು ಬಂತು. ಪರದೆ ನೋಡುತ್ತಾ ನಟರ ಜೊತೆಗೇ ಹೆಜ್ಜೆ ಹಾಕುವ ಕ್ರಮ ಇವತ್ತಿಗೂ ಇದೆ. ಆದರೆ ನಿಂತಲ್ಲಿ ಕಾಲು ಕುಟ್ಟಿದರೆ ಕವಾಯತು ಆಗುತ್ತದೆ. ಹಿಮ್ಮಡಿ ಊರಿ, ಭಾರವನ್ನು ಬೆರಳಿನ ಕಡೆ ಉರುಳಿಸಿ, ಆಮೇಲೆ ಕಾಲೆತ್ತಬೇಕು. ಹವಾಯಿ ಚಪ್ಪಲಿಯಲ್ಲಿ ಒಂದು ಹೆಜ್ಜೆಗೆ ಎರಡು ಸದ್ದು: ನೆಲ ಮುಟ್ಟಿದಾಗ ಒಂದು, ಕಾಲೆತ್ತಿದಾಗ ಚಪ್ಪಲಿ ಹಿಮ್ಮಡಿಗೆ ಬಡಿಯುವ ‘ಚಟ್’ ಇನ್ನೊಂದು. ಎರಡನೆಯದನ್ನು ಬಿಟ್ಟರೆ ಅದು ಹವಾಯಿ ಚಪ್ಪಲಿಯೇ ಅಲ್ಲ. ಸಿಂಕ್ ಮಾಡುವಾಗ ನೆಲ ಮುಟ್ಟುವ ಸದ್ದನ್ನು ಹಿಮ್ಮಡಿ ಊರಿದ ಫ್ರೇಮಿಗೆ ಕೂರಿಸಿ, ಪಾದ ಕಾಣದಿದ್ದರೆ ಭುಜ ಇಳಿಯುವುದನ್ನು ನೋಡಿ.

ನಿಮ್ಮ ದೃಶ್ಯದಲ್ಲಿ ನೆಲ ಮೂರು ಬಗೆಯದು. ಅಂಗಳದ ಒದ್ದೆ ಮಣ್ಣಿಗೆ, ಅಗಲವಾದ ತಟ್ಟೆಯಲ್ಲಿ ನೀರು ಹಿಂಡಿದ ಗೋಣಿಚೀಲ ಹಾಸಿ ಅದರ ಮೇಲೆ ಮೆಟ್ಟಿ. ಕಾಫಿ ತುಂಬುವ ಚೀಲವೇ ಸಾಕು, ಊರಲ್ಲಿ ಯಾರ ಮನೆಯಲ್ಲಾದರೂ ಸಿಗುತ್ತದೆ. ನೀರು ನಿಲ್ಲುವಷ್ಟು ಹಾಕಿದರೆ ಕೆರೆ ದಾಟಿದ ಹಾಗೆ ಕೇಳುತ್ತದೆ. ಜಗಲಿಯ ಮೆಟ್ಟಿಲಿಗೆ ಕಲ್ಲಿನ ಚಪ್ಪಡಿ, ಒಳಗಿನ ರೆಡ್ ಆಕ್ಸೈಡ್ ನೆಲಕ್ಕೆ ನಯವಾದ ಸಿಮೆಂಟ್ ನೆಲ. ಒಳಗಿನ ಮೊದಲ ಎರಡು ಮೂರು ಹೆಜ್ಜೆಗೆ ಚಪ್ಪಲಿ ಒದ್ದೆಯೇ ಇರಲಿ, ಆಮೇಲೆ ಒರೆಸಿ ರೆಕಾರ್ಡ್ ಮಾಡಿ. ನೋಡುವವರು ಗಮನಿಸದಿದ್ದರೂ ಆಕೆ ಮಳೆಯಿಂದ ಬಂದಳು ಎಂಬುದು ಕಿವಿಗೆ ಗೊತ್ತಾಗುತ್ತದೆ. ಒಳ್ಳೆಯದೊಂದು ಹೆಜ್ಜೆಯನ್ನು ಕಾಪಿ ಮಾಡಿ ಎಲ್ಲ ಕಡೆ ಹಾಕುವ ಸೋಮಾರಿತನ ಬೇಡ, ಮೂರನೆಯದಕ್ಕೇ ಸಿಕ್ಕಿಬೀಳುತ್ತೀರಿ.

ಬಾಗಿಲಿನಲ್ಲೇ ಪದರ ಕಟ್ಟುವ ಕೆಲಸ ಜಾಸ್ತಿ. ಹಾಸ್ಟೆಲ್ಲಿನ ಪ್ಲೈವುಡ್ ಬಾಗಿಲಿನ ಸದ್ದು ಹಳೇ ಮನೆಯ ದಪ್ಪ ಹಲಗೆಗೆ ಹೊಂದುವುದಿಲ್ಲ, ಎಷ್ಟು ಬಾಸ್ ಏರಿಸಿದರೂ ಅಷ್ಟೇ. ಅದನ್ನು ನಾಲ್ಕು ತುಂಡಾಗಿ ನೋಡಿ: ಬಿಜಾಗರಿಯ ಕಿರ್ರ್, ಹಲಗೆ ಚೌಕಟ್ಟಿಗೆ ತಾಗುವ ಹೊಡೆತ, ಅದರ ಭಾರ, ಕೊನೆಗೆ ಚಿಲಕ. ಕಿರ್ರ್ ಮತ್ತು ಚಿಲಕ ಯಾವ ಹಳೇ ಬಾಗಿಲಿನಲ್ಲಾದರೂ ಸಿಗುತ್ತದೆ, ಹತ್ತಿರದಿಂದ ಹಿಡಿಯಿರಿ. ಹೊಡೆತಕ್ಕೆ ನಿಜವಾದ ಮರದ ಬಾಗಿಲೇ ಬೇಕು. ಭಾರಕ್ಕೆ ಮರದ ಪೆಟ್ಟಿಗೆಯ ಮುಚ್ಚಳ ಹಾಕಿ, ಇಲ್ಲವೇ ಬಟ್ಟೆ ಸುತ್ತಿದ ಮುಷ್ಟಿಯಿಂದ ಮಂಚದ ಹಲಗೆಗೆ ಗುದ್ದಿ.

ನಾಲ್ಕನ್ನೂ ಒಂದೇ ಫ್ರೇಮಿನಲ್ಲಿ ಶುರು ಮಾಡಬೇಡಿ. ಬಾಗಿಲು ಅಲುಗಿದ ಕೂಡಲೇ ಕಿರ್ರ್, ಹಲಗೆ ತಾಗಿದ ಫ್ರೇಮಿನಲ್ಲಿ ಹೊಡೆತ ಮತ್ತು ಭಾರ, ಕೈ ಚಿಲಕ ಸರಿಸಿದಾಗ ಚಿಲಕ. ಹೊಡೆತವನ್ನು ಮೊದಲು ಹದಕ್ಕೆ ತಂದು ಉಳಿದದ್ದನ್ನು ಅದರ ಕೆಳಗಿಡಿ. ಕಿರ್ರ್ ಅನ್ನು 8ರಿಂದ 10 ಡೆಸಿಬೆಲ್ ಕಡಿಮೆಯಿಂದ ಶುರು ಮಾಡಬಹುದು. ಚಿಲಕದಲ್ಲಿ 300 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಭಾರದ ಪದರದಲ್ಲಿ 300ರ ಮೇಲಿನದನ್ನು. ಹೊಡೆತ ಮತ್ತು ಭಾರ ಸೇರಿಸಿದಾಗ ಸದ್ದು ದಪ್ಪವಾಗುವ ಬದಲು ಟೊಳ್ಳಾದರೆ ಎರಡು ಅಲೆಗಳು ಒಂದನ್ನೊಂದು ಕೊಲ್ಲುತ್ತಿವೆ ಎಂದರ್ಥ. ಒಂದು ಟ್ರ್ಯಾಕಿನ ಫೇಸ್ ತಿರುಗಿಸಿ ಕೇಳಿ, ಇಲ್ಲವೇ ಕೆಲವು ಮಿಲಿಸೆಕೆಂಡ್ ಸರಿಸಿ.

ಪದರ ಹೆಚ್ಚಿದಂತೆ ಹಿನ್ನೆಲೆಯ ಗುಂಯ್ ಕೂಡ ಹೆಚ್ಚುತ್ತದೆ. ಒಂದೇ ಮಟ್ಟದ ನಾಲ್ಕು ಟ್ರ್ಯಾಕಿನ ಗುಂಯ್ ಒಟ್ಟಾದರೆ ಒಂದಕ್ಕಿಂತ 6 ಡೆಸಿಬೆಲ್ ಏರುತ್ತದೆ. ಸಂಭಾಷಣೆ, ಸಂಗೀತ ಮ್ಯೂಟ್ ಮಾಡಿ ಹೆಜ್ಜೆ ಮಾತ್ರ ಕೇಳಿ. ಪ್ರತಿ ಹೆಜ್ಜೆಯ ಜೊತೆ ‘ಹುಸ್’ ಎಂದು ಗಾಳಿ ತೆರೆದು ಮುಚ್ಚಿದ ಹಾಗಿದ್ದರೆ, ಅಂಟಿಸಿದ ಹಾಗೆ ಕೇಳಲು ಅದೂ ಕಾರಣ. ಕ್ಲಿಪ್ಪಿನ ಬಾಲ ಕತ್ತರಿಸಿ ಎರಡೂ ತುದಿಗೆ ಫೇಡ್ ಕೊಡಿ. ಆಮೇಲೆ ದೃಶ್ಯದ ಉದ್ದಕ್ಕೂ ಮಳೆಯ ಒಂದೇ ಟ್ರ್ಯಾಕ್ ಹಾಸಿ. ಅಳಿದುಳಿದ ಗುಂಯ್ ಅದರಲ್ಲಿ ಮುಚ್ಚಿಹೋಗುತ್ತದೆ. ಶೂಟಿಂಗ್‌ನಲ್ಲಿ ಕೆಟ್ಟಿತು ಎಂದ ಧ್ವನಿಯಿಂದಲೇ, ಮಾತಿಲ್ಲದ ಜಾಗದ ಮಳೆಯನ್ನು ಕತ್ತರಿಸಿಕೊಳ್ಳಬಹುದು. ಅದು ಆ ಮನೆಯದ್ದೇ ಹಂಚಿನ ಮಳೆ, ಬೇರೆಲ್ಲೂ ಸಿಗುವುದಿಲ್ಲ.

ಕೊನೆಗೆ ಮನೆಯ ಗುಣ. ಇನ್ನೊಮ್ಮೆ ಅಲ್ಲಿಗೆ ಹೋಗಲು ಸಾಧ್ಯವಾದರೆ, ಹೆಂಗಸು ನಡೆದ ಜಾಗದಲ್ಲಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿ, ಕ್ಯಾಮೆರಾ ಇದ್ದ ಜಾಗದಿಂದ ರೆಕಾರ್ಡ್ ಮಾಡಿ. ಆ ಚಪ್ಪಾಳೆಯ ಬಾಲ ಎಷ್ಟು ಹೊತ್ತು ಉಳಿಯುತ್ತದೆ ಎಂದು ಕೇಳಿ, ಅಷ್ಟೇ ಉದ್ದದ ರಿವರ್ಬ್ ಆರಿಸಿ. ಒಳಗಿನ ಹೆಜ್ಜೆ ಮತ್ತು ಬಾಗಿಲಿನ ಎಲ್ಲ ಪದರಗಳನ್ನು ಒಂದೇ ಬಸ್‌ಗೆ, ಅಂದರೆ ಹಲವು ಟ್ರ್ಯಾಕ್ ಒಟ್ಟು ಸೇರುವ ಚಾನಲ್‌ಗೆ, ಕಳಿಸಿ ಒಂದೇ ರಿವರ್ಬ್ ಹಾಕಿ. ಟ್ರ್ಯಾಕಿಗೊಂದು ರಿವರ್ಬ್ ಹಾಕಿದರೆ ಹೆಜ್ಜೆ ಒಂದು ಮನೆಯಲ್ಲಿ, ಚಿಲಕ ಇನ್ನೊಂದು ಮನೆಯಲ್ಲಿ. ಅಂಗಳದ ಹೆಜ್ಜೆಗೆ ಈ ರಿವರ್ಬ್ ಬೇಡವೇ ಬೇಡ.

ಮಿಕ್ಸ್ ಮುಗಿದ ಮೇಲೆ ಫೋನಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ, ನಿಮ್ಮ ಚಿತ್ರವನ್ನು ಹೆಚ್ಚಿನವರು ನೋಡುವುದು ಅದರಲ್ಲೇ. ಅಲ್ಲಿ 100 ಹರ್ಟ್ಸ್ ಕೆಳಗಿನ ಭಾರ ಕೇಳಿಸುವುದೇ ಇಲ್ಲ. ಬಾಗಿಲು ಸಪ್ಪೆ ಅನಿಸಿದರೆ ಬಾಸ್ ಏರಿಸಬೇಡಿ, ಹೊಡೆತದ ಪದರವನ್ನು 200 ಹರ್ಟ್ಸ್ ಆಸುಪಾಸಿನಲ್ಲಿ ಎರಡು ಮೂರು ಡೆಸಿಬೆಲ್ ಎತ್ತಿ ನೋಡಿ.