ಕೋಟಿನ ಲೈನಿಂಗ್ ಮತ್ತು ನೇಲ್ ಪಾಲಿಶ್ ರಿಮೂವರ್: ಒರೆಸಿದ್ದು ಕಲೆ, ಹೋಗಿದ್ದು ಬಟ್ಟೆ

ಉಣ್ಣೆಯ ಕೋಟು. ಒಳಗೆ ಮಿರಮಿರ ಹೊಳೆಯುವ ನೇರಳೆ ಲೈನಿಂಗ್. ಅದರ ಮೇಲೆ ಒಂದು ಹನಿ ನೇಲ್ ಪಾಲಿಶ್ ಬಿತ್ತು ಅಂದುಕೊಳ್ಳಿ. ಉಗುರಿನ ಬಣ್ಣ ತೆಗೆಯೋಕೆ ರಿಮೂವರ್ ಇದೆಯಲ್ಲ ಎಂದು ಹತ್ತಿಯಲ್ಲಿ ಅದ್ದಿ ಒಂದು ಸಲ ಒರೆಸುತ್ತೀರಿ. ಹತ್ತಿ ಜಾರುವ ಬದಲು ಅಂಟಿಕೊಳ್ಳುತ್ತದೆ. ಇನ್ನೊಂದು ಸಲ ಎಳೆದರೆ ಹತ್ತಿಯ ಎಳೆಗಳು ಬಟ್ಟೆಯಲ್ಲೇ ಉಳಿಯುತ್ತವೆ, ನೇಯ್ಗೆ ಲೋಳೆಯ ಹಾಗೆ ಕದಡಿಹೋಗುತ್ತದೆ. ಸ್ವಲ್ಪ ಹೊತ್ತಿಗೆ ಜಾಗ ಒಣಗಿ, ಅಲ್ಲಿ ಪ್ಲಾಸ್ಟಿಕ್ಕಿನಂಥ ಗಡಸು ತೇಪೆ ಉಳಿದಿರುತ್ತದೆ. ಮಡಚಿದರೆ ಚಟ್ಟನೆ ಬಿರಿಯುತ್ತದೆ. ಜೋರಾಗಿ ಉಜ್ಜಿದ್ದರೆ ಆ ಹೊತ್ತಿಗಾಗಲೇ ತೂತು ಬಿದ್ದಿರುತ್ತದೆ.

ರಿಮೂವರ್ ಕಲಬೆರಕೆಯದು ಅಂತ ಬೈಯುವವರಿದ್ದಾರೆ. ತಪ್ಪು ಅದರದ್ದಲ್ಲ. ಲೈನಿಂಗ್ ಅಸಿಟೇಟಿನದಾಗಿದ್ದರೆ ಹೀಗೇ ಆಗಬೇಕು.

ಅಸಿಟೇಟ್ ಅಂದರೆ ಮೂಲದಲ್ಲಿ ಮರದ ತಿರುಳು ಅಥವಾ ಹತ್ತಿಬೀಜಕ್ಕೆ ಅಂಟಿರುವ ಗಿಡ್ಡ ನಾರು. ಎರಡರಲ್ಲೂ ಇರುವುದು ಸೆಲ್ಯುಲೋಸ್. ಗ್ಲೂಕೋಸ್ ಘಟಕಗಳು ಸಾಲಾಗಿ ಬೆಸೆದುಕೊಂಡ ಉದ್ದನೆಯ ಸರಪಳಿ ಅದು. ಒಂದೊಂದು ಘಟಕದಲ್ಲೂ ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ. ಪಕ್ಕಪಕ್ಕದ ಸರಪಳಿಗಳು ಇವುಗಳ ಮೂಲಕವೇ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಹತ್ತಿ ಬಟ್ಟೆ ಇಸ್ತ್ರಿಗೆ ಕರಗದೆ ಇರುವುದಕ್ಕೂ, ರಿಮೂವರಿನಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ಎಂಬ ದ್ರಾವಕಕ್ಕೆ ಜಗ್ಗದೆ ಇರುವುದಕ್ಕೂ ಈ ಹಿಡಿತವೇ ಕಾರಣ.

ಈ ಸೆಲ್ಯುಲೋಸನ್ನು ಅಸಿಟಿಕ್ ಅನ್‌ಹೈಡ್ರೈಡ್ ಜೊತೆ, ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಹಾಕಿ ಬೆರೆಸಿದರೆ ಮೂರೂ ಜಾಗಗಳಲ್ಲಿ ಅಸಿಟೈಲ್ ಗುಂಪು ಬಂದು ಕೂರುತ್ತದೆ. ಇದು ಟ್ರೈಅಸಿಟೇಟ್. ಆಮೇಲೆ ನೀರು ಸೇರಿಸಿ ಕೆಲವು ಅಸಿಟೈಲ್‌ಗಳನ್ನು ಮತ್ತೆ ಕಳಚಿದರೆ, ಘಟಕವೊಂದಕ್ಕೆ ಸರಾಸರಿ ಎರಡೂವರೆಯಷ್ಟು ಉಳಿಯುತ್ತವೆ. ಲೈನಿಂಗಿನ ಚೀಟಿಯಲ್ಲಿ ಬರೀ ‘ಅಸಿಟೇಟ್’ ಅಂತ ಇದ್ದರೆ ಅದು ಇದೇ.

ಮೂರಕ್ಕೂ ಎರಡೂವರೆಗೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಅಸಿಟೋನಿನ ಮಟ್ಟಿಗೆ ಅದೇ ಎಲ್ಲ. ಟ್ರೈಅಸಿಟೇಟಿನ ಸರಪಳಿಗಳು ಉದ್ದಕ್ಕೂ ಒಂದೇ ಸಮ. ಹಾಗಾಗಿ ಒತ್ತಾಗಿ ಜೋಡಿಸಿಕೊಂಡು ಹರಳುಗಟ್ಟಬಲ್ಲವು. ಅಸಿಟೇಟಿನಲ್ಲಿ ಒಂದು ಕಡೆ ಅಸಿಟೈಲ್, ಇನ್ನೊಂದು ಕಡೆ ಖಾಲಿ, ಲೆಕ್ಕವಿಲ್ಲ. ಜೋಡಣೆ ಸಡಿಲ. ಆ ಸಂದಿಗಳಲ್ಲಿ ಅಸಿಟೋನ್ ಸಲೀಸಾಗಿ ನುಗ್ಗಿ ಸರಪಳಿಗಳನ್ನು ಬಿಡಿಸಿಬಿಡುತ್ತದೆ.

ಈ ಗುಣ ಇಲ್ಲದಿದ್ದರೆ ಅಸಿಟೇಟ್ ಬಟ್ಟೆಯೇ ಬರುತ್ತಿರಲಿಲ್ಲವೇನೋ. ಸೆಲ್ಯುಲೋಸ್ ಅಸಿಟೇಟನ್ನು ಮೊದಲು ತಯಾರಿಸಿದ್ದು 1865ರಲ್ಲಿ, ಫ್ರಾನ್ಸಿನ ಪಾಲ್ ಶುಟ್ಜೆನ್‌ಬರ್ಜರ್. ಆದರೆ ಪೂರ್ತಿ ಅಸಿಟೈಲ್ ತುಂಬಿದ ರೂಪವನ್ನು ಕರಗಿಸಲು ಕ್ಲೋರೋಫಾರ್ಮಿನಂಥ ದುಬಾರಿ, ಅಪಾಯದ ದ್ರಾವಕಗಳೇ ಬೇಕಿದ್ದವು. ಒಂದಷ್ಟು ಅಸಿಟೈಲ್ ಕಳಚಿದರೆ ಅಗ್ಗದ ಅಸಿಟೋನೇ ಸಾಕು ಎಂದು 20ನೇ ಶತಮಾನದ ಆರಂಭದಲ್ಲಿ ಗೊತ್ತಾದಾಗ ದಾರಿ ತೆರೆಯಿತು. ಸ್ವಿಟ್ಜರ್‌ಲೆಂಡಿನ ಕ್ಯಾಮಿಲ್ ಮತ್ತು ಹೆನ್ರಿ ಡ್ರೇಫಸ್ ಎಂಬ ಅಣ್ಣತಮ್ಮಂದಿರು ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಸ್ಪಾಂಡನ್‌ನಲ್ಲಿ ಕಾರ್ಖಾನೆ ಹಾಕಿದ್ದು ವಿಮಾನಗಳಿಗಾಗಿ. ಆಗಿನ ವಿಮಾನದ ರೆಕ್ಕೆಗೆ ಬಟ್ಟೆಯ ಹೊದಿಕೆ. ಅದನ್ನು ಬಿಗಿ ಮಾಡಲು ಅಸಿಟೇಟಿನ ದ್ರಾವಣ ಬಳಿಯುತ್ತಿದ್ದರು. ಯುದ್ಧ ಮುಗಿದ ಮೇಲೆ ಆ ಮಾಲಿಗೆ ಗಿರಾಕಿ ಇಲ್ಲ. ಆಗ ಅದನ್ನೇ ನೂಲಾಗಿಸಲು ಹೊರಟರು. 1921ರ ಹೊತ್ತಿಗೆ ಆ ನೂಲು ಮಾರುಕಟ್ಟೆಗೆ ಬಂತು.

ನೂಲು ತೆಗೆಯುವ ವಿಧಾನ ಇವತ್ತಿಗೂ ಹೆಚ್ಚುಕಡಿಮೆ ಅದೇ. ಅಸಿಟೇಟನ್ನು ಅಸಿಟೋನಿನಲ್ಲಿ ಗಟ್ಟಿ ಪಾಕವಾಗುವಂತೆ ಕರಗಿಸಿ, ಸಣ್ಣ ಸಣ್ಣ ತೂತುಗಳ ಮೂಲಕ ಬಿಸಿಗಾಳಿಗೆ ಬಿಡುತ್ತಾರೆ. ಅಸಿಟೋನ್ 56 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವಂಥದ್ದು, ತಕ್ಷಣ ಆರಿಹೋಗುತ್ತದೆ. ಎಳೆ ಮಾತ್ರ ಉಳಿಯುತ್ತದೆ. ಆರಿದ ಅಸಿಟೋನನ್ನು ಹಿಡಿದು ಮತ್ತೆ ಬಳಸುತ್ತಾರೆ. ಅಂದರೆ ರಿಮೂವರ್ ಹಚ್ಚಿದಾಗ ನೀವು ಮಾಡುವುದು ಕಾರ್ಖಾನೆಯ ಕೆಲಸವನ್ನು ಹಿಂದುಮುಂದು ಮಾಡಿ ನಡೆಸುವುದು. ಎಳೆ ಮತ್ತೆ ಪಾಕವಾಗುತ್ತದೆ. ಅಸಿಟೋನ್ ಆರಿದಾಗ ಅದು ಮತ್ತೆ ಗಟ್ಟಿಯಾಗುವುದೇನೋ ನಿಜ, ಆದರೆ ಎಳೆಯಾಗಿ ಅಲ್ಲ, ಹಾಳೆಯಾಗಿ.

ಇಲ್ಲೊಂದು ತಮಾಷೆ ಇದೆ. ನೇಲ್ ಪಾಲಿಶ್ ಒಣಗಿ ಪೊರೆ ಕಟ್ಟುವುದು ಮುಖ್ಯವಾಗಿ ನೈಟ್ರೋಸೆಲ್ಯುಲೋಸಿನಿಂದ. ಅದೂ ಸೆಲ್ಯುಲೋಸೇ, ಅಸಿಟೈಲ್ ಬದಲು ನೈಟ್ರೇಟ್ ಗುಂಪು ಕೂರಿಸಿದ್ದು. ಕಲೆ ಮತ್ತು ಬಟ್ಟೆ ಇಬ್ಬರೂ ದಾಯಾದಿಗಳು, ಅಲ್ವಾ? ಒಬ್ಬರನ್ನು ಕರಗಿಸುವ ದ್ರಾವಕ ಇನ್ನೊಬ್ಬರನ್ನು ಸುಮ್ನೆ ಬಿಡೋದಿಲ್ಲ. ‘ಅಸಿಟೋನ್ ಇಲ್ಲ’ ಅಂತ ಬರೆದಿರುವ ರಿಮೂವರನ್ನೂ ನಂಬಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಈಥೈಲ್ ಅಸಿಟೇಟ್. ಅದೂ ಈ ನೂಲನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ನೇಲ್ ಪಾಲಿಶ್‌ನಲ್ಲೇ ಈಥೈಲ್ ಅಸಿಟೇಟ್ ಮತ್ತು ಬ್ಯೂಟೈಲ್ ಅಸಿಟೇಟ್ ಇರುವುದರಿಂದ, ಹನಿ ಬಿದ್ದಾಗಲೇ ಲೈನಿಂಗ್ ಸ್ವಲ್ಪ ಪೆಟ್ಟು ತಿಂದಿರಬಹುದು.

ಟ್ರೈಅಸಿಟೇಟ್ ಸ್ವಲ್ಪ ಗಟ್ಟಿ ಪಿಂಡ. ಅಸಿಟೋನಿನಲ್ಲಿ ಅದು ಉಬ್ಬುತ್ತದೆ, ಬಿರುಸಾಗುತ್ತದೆ, ಪೂರ್ತಿ ಕರಗುವುದು ಕಮ್ಮಿ. ಅದರ ನೂಲು ತೆಗೆಯುವುದು ಮೀಥೈಲಿನ್ ಕ್ಲೋರೈಡಿನಲ್ಲಿ ಕರಗಿಸಿ. ಹಾಗಂತ ರಿಮೂವರ್ ಹಾಕಬಹುದು ಅಂತಲ್ಲ. ತೂತು ಬೀಳದಿದ್ದರೂ ಕಲೆ ಮತ್ತು ಸುಕ್ಕು ಖಾಯಂ.

ಬಿಸಿಯೂ ಇದೇ ಕೆಲಸ ಮಾಡುತ್ತದೆ, ಬೇರೆ ದಾರಿಯಲ್ಲಿ. ಸುಮಾರು 180 ಡಿಗ್ರಿಯ ಹತ್ತಿರ ಅಸಿಟೇಟಿನ ಎಳೆಗಳು ಮೆತ್ತಗಾಗಿ ಅಂಟಲು ಶುರುವಾಗುತ್ತವೆ. ಇಸ್ತ್ರಿಪೆಟ್ಟಿಗೆಯ ಹತ್ತಿ ಗುರುತು ಸುಮಾರು 200 ಡಿಗ್ರಿ. ಅಷ್ಟು ಬಿಸಿ ತಾಗಿದರೆ ಲೈನಿಂಗ್ ಪೆಟ್ಟಿಗೆಯ ತಳಕ್ಕೇ ಮೆತ್ತಿಕೊಳ್ಳುತ್ತದೆ. ಅದಕ್ಕಿಂತ ಕಮ್ಮಿ ಬಿಸಿಯಲ್ಲಿ ಒತ್ತಿದರೂ ಎಳೆಗಳು ಚಪ್ಪಟೆಯಾಗಿ, ಒಳಗಿನ ಹೊಲಿಗೆಯ ಅಂಚು ಮಿರುಗುವ ಗೆರೆಯಾಗಿ ಮೂಡುತ್ತದೆ. ಚೀಟಿಯಲ್ಲಿ ಇಸ್ತ್ರಿ ಚಿತ್ರದೊಳಗೆ ಒಂದೇ ಚುಕ್ಕೆ ಇದ್ದರೆ 110 ಡಿಗ್ರಿ ದಾಟಬಾರದು ಅಂತ ಅರ್ಥ. ಒಳಮೈಯಿಂದ, ಮೇಲೆ ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡಬೇಕು. ಟ್ರೈಅಸಿಟೇಟ್ ಸುಮಾರು 300 ಡಿಗ್ರಿಯವರೆಗೂ ಕರಗದು. ಕಾರ್ಖಾನೆಯಲ್ಲೇ ಅದನ್ನು ಬಿಸಿಯಲ್ಲಿ ಪಳಗಿಸಿ ಖಾಯಂ ನೆರಿಗೆ ಕೂರಿಸುವುದೂ ಉಂಟು.

ಇಷ್ಟು ನಾಜೂಕಿನ ಬಟ್ಟೆಯನ್ನು ಲೈನಿಂಗಿಗೆ ಯಾಕೆ ಹಾಕುತ್ತಾರೆ? ರೇಷ್ಮೆಯಂತೆ ಜಾರುತ್ತದೆ, ತೋಳು ತೂರಿಸುವಾಗ ಒಳಗಿನ ಅಂಗಿ ಸಿಕ್ಕಿಕೊಳ್ಳುವುದಿಲ್ಲ. ಪಾಲಿಯೆಸ್ಟರ್‌ಗಿಂತ ಎಷ್ಟೋ ಜಾಸ್ತಿ ತೇವ ಹೀರುವುದರಿಂದ ಮೈಗೆ ಅಂಟುವುದೂ ಕಮ್ಮಿ. ನಮ್ಮೂರ ಟೈಲರ್ ಹಾಕುವ ಲೈನಿಂಗ್ ಹೆಚ್ಚಾಗಿ ಪಾಲಿಯೆಸ್ಟರೇ, ಅದಕ್ಕೆ ಅಸಿಟೋನಿನ ಭಯವಿಲ್ಲ. ಹೊರದೇಶದಲ್ಲಿ ಕೊಂಡ ಕೋಟು, ಹಳೆಯ ಸೂಟು ಇದ್ದರೆ ಚೀಟಿ ನೋಡಿ.

ಚೀಟಿ ಹರಿದುಹೋಗಿದ್ದರೆ ಹೊಲಿಗೆಯ ಒಳಗಿನ ಅಂಚಿನಿಂದ ಲೈನಿಂಗಿನದೇ ಎರಡು ಎಳೆ ಬಿಡಿಸಿಕೊಳ್ಳಿ. ಹೊಲಿದ ದಾರ ಬೇಡ, ಅದು ಬೇರೆಯೇ ಇರುತ್ತದೆ. ಗಾಜಿನ ಬಟ್ಟಲಲ್ಲಿ ಅಸಿಟೋನಿರುವ ರಿಮೂವರ್ ಸ್ವಲ್ಪ ಹಾಕಿ ಎಳೆಗಳನ್ನು ಅದ್ದಿ. ಒಲೆಯಿಂದ ದೂರ ಇರಿ, ಅಸಿಟೋನ್ ಭಗ್ಗನೆ ಹತ್ತಿಕೊಳ್ಳುತ್ತದೆ. ಕೆಲವೇ ನಿಮಿಷದಲ್ಲಿ ಎಳೆ ಕರಗಿದರೆ ಅಥವಾ ಲೋಳೆಯಾದರೆ ಅಸಿಟೇಟ್ ಎಂದುಕೊಳ್ಳಿ. ಹತ್ತಿ, ರೇಷ್ಮೆ, ವಿಸ್ಕೋಸ್, ನೈಲಾನ್, ಪಾಲಿಯೆಸ್ಟರ್ ಹಾಗೇ ಉಳಿಯುತ್ತವೆ.

ಲೈನಿಂಗ್ ಮೇಲೆ ಬರೀ ಪಾಲಿಶ್ ಬಿದ್ದಿದ್ದರೆ ಒರೆಸದೆ ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಅಂಚಿನಿಂದ ಎದ್ದು ಬಂದಷ್ಟನ್ನು ಮೆಲ್ಲಗೆ ತೆಗೆಯಿರಿ. ಮಿಕ್ಕಿದ್ದಕ್ಕೆ ಡ್ರೈಕ್ಲೀನಿಂಗಿಗೆ ಕೊಡಿ, ಕೊಡುವಾಗ ಇದು ಅಸಿಟೇಟ್, ಬಿದ್ದಿರೋದು ನೇಲ್ ಪಾಲಿಶ್ ಅಂತ ಬಾಯಿಬಿಟ್ಟು ಹೇಳಿ. ಅವರು ಬಳಸುವ ಪರ್ಕ್ಲೋರೋಎಥಿಲೀನಿಗೆ ಈ ಬಟ್ಟೆ ತಡೆಯುತ್ತದೆ, ಆದರೆ ಕಲೆ ತೆಗೆಯಲು ಅವರೂ ಅಸಿಟೋನ್ ಕೈಗೆತ್ತಿಕೊಂಡರೆ ಕಥೆ ಮುಗಿಯಿತು. ಈಗಾಗಲೇ ರಿಮೂವರ್ ಚೆಲ್ಲಿದ್ದರೆ ಆ ಜಾಗವನ್ನು ಒಣಗುವ ತನಕ ಮುಟ್ಟಬೇಡಿ. ಒದ್ದೆಯಿದ್ದಾಗ ಎಳೆಗಳಿಗೆ ಬಲವೇ ಇರುವುದಿಲ್ಲ. ಮುಟ್ಟದಿದ್ದರೆ ಗಡಸು ಕಲೆಯಷ್ಟೇ ಉಳಿಯುತ್ತದೆ, ಅದು ಕಂಕುಳ ಕೆಳಗೋ ಮಡಿಕೆಯೊಳಗೋ ಇದ್ದರೆ ಹಾಗೇ ತೊಡಬಹುದು. ತೂತು ಬಿದ್ದಿದ್ದರೆ ಟೈಲರ್ ಆ ಭಾಗದ ಲೈನಿಂಗ್ ಬಿಚ್ಚಿ ಹೊಸದು ಹಾಕಬೇಕು. ಆಗ ಬೇಕಾದರೆ ವಿಸ್ಕೋಸ್ ಹಾಕಿಸಿ.