ವುಡ್, ಕುಡ್ ಅನುವಾದ: ವಾಕ್ಯದ ಬಾಲ ನೋಡಿ

ಇಂಗ್ಲಿಷ್‌ನ ವುಡ್, ಕುಡ್ ವಾಕ್ಯಗಳನ್ನು ಕನ್ನಡಕ್ಕೆ ತರುವಾಗ ‘ಇಫ್’ ಇರುವ ಭಾಗ ಸುಲಭ, ಅದನ್ನು ಬೇಗ ಮುಗಿಸುತ್ತೇನೆ. ಹೋದರೆ, ಬಂದರೆ, ಇದ್ದರೆ. ಮುಗಿದುಹೋದ ಕಾಲದ ಮಾತಾದರೆ ಹೋಗಿದ್ದರೆ, ಬಂದಿದ್ದರೆ. ಅಷ್ಟೇ.

ತಲೆ ತಿನ್ನುವುದು ವಾಕ್ಯದ ಇನ್ನೊಂದು ತುದಿ. ಈ ಎರಡನ್ನು ನೋಡಿ: ‘ದುಡ್ಡಿದ್ದರೆ ಬೈಕ್ ತಗೊಳ್ಳುತ್ತೇನೆ’, ‘ದುಡ್ಡಿದ್ದರೆ ಬೈಕ್ ತಗೊಳ್ಳುತ್ತಿದ್ದೆ’. ಮೊದಲನೆಯದರಲ್ಲಿ ದುಡ್ಡು ಸಿಕ್ಕರೂ ಸಿಗಬಹುದು. ಎರಡನೆಯದರಲ್ಲಿ ದುಡ್ಡಿಲ್ಲ, ಬೈಕೂ ಇಲ್ಲ. ‘ದುಡ್ಡಿದ್ದರೆ’ ಎರಡರಲ್ಲೂ ಒಂದೇ, ಕೊನೆಯ ಕ್ರಿಯಾಪದ ಬರುವವರೆಗೆ ಯಾವುದೆಂದು ಗೊತ್ತೇ ಆಗುವುದಿಲ್ಲ. ಇಂಗ್ಲಿಷ್‌ನಲ್ಲಿ ‘ಇಫ್ ಐ ಹ್ಯಾವ್’, ‘ಇಫ್ ಐ ಹ್ಯಾಡ್’ ಎಂದು ಶುರುವಿನಲ್ಲೇ ಬೇರೆಯಾಗುತ್ತದೆ. ಇನ್ನೊಂದು ತೊಡಕೂ ಉಂಟು: ‘ತಗೊಳ್ಳುತ್ತಿದ್ದೆ’ ಈಗಿನ ಮಾತೋ ಹೋದ ವರ್ಷದ್ದೋ ಎಂದು ಕನ್ನಡ ಹೇಳುವುದಿಲ್ಲ. ‘ವುಡ್ ಬೈ’, ‘ವುಡ್ ಹ್ಯಾವ್ ಬಾಟ್’ ಎರಡಕ್ಕೂ ಅದೇ ರೂಪ. ಸಂದರ್ಭದಿಂದ ತಿಳಿಯದಿದ್ದರೆ ‘ಈಗ’ ಅಥವಾ ‘ಆಗ’ ಎಂದು ಒಂದು ಪದ ಸೇರಿಸಿಬಿಡಿ.

ಇಷ್ಟು ಕಲಿತ ಮೇಲೆ ಬರುವ ಚಟ ಯಾವುದೆಂದರೆ, ವುಡ್ ಕಂಡಲ್ಲೆಲ್ಲ ‘-ತ್ತಿದ್ದ’ ಹಾಕುವುದು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೊರಟವರ ಬಗ್ಗೆ ಮೂರು ವಾಕ್ಯ ಬರೆದುಕೊಂಡಿದ್ದೇನೆ, ಅದರಲ್ಲೇ ನೋಡೋಣ.

‘ದ ಬೋಟ್‌ಮ್ಯಾನ್ ಸೆಡ್ ಹಿ ವುಡ್ ವೇಟ್.’ ಇದು ಊಹೆಯೇ ಅಲ್ಲ. ಅವನು ಬಾಯಲ್ಲಿ ಹೇಳಿದ್ದು ‘ವಿಲ್’, ‘ಸೆಡ್’ ಹಿಂದೆ ಬಂದದ್ದಕ್ಕೆ ಅದು ವುಡ್ ಆಯಿತು. ಕನ್ನಡದಲ್ಲಿ ಹಾಗೆ ಕಾಲ ಬದಲಿಸುವ ಪದ್ಧತಿ ಇಲ್ಲ. ‘ಕಾಯುತ್ತೇನೆ ಎಂದ’, ಪತ್ರಿಕೆಯ ಧಾಟಿ ಬೇಕಿದ್ದರೆ ‘ಕಾಯುವುದಾಗಿ ಹೇಳಿದ’. ‘ಕಾಯುತ್ತಿದ್ದೆ ಎಂದ’ ಎಂದು ಬರೆದರೆ ಅವನು ಅಷ್ಟು ಹೊತ್ತಿನಿಂದ ಕಾಯುತ್ತಾ ನಿಂತಿದ್ದ ಎಂದಾಗುತ್ತದೆ.

‘ಇಫ್ ವಿ ಹ್ಯಾಡ್ ಲೆಫ್ಟ್ ಅಟ್ ನೈನ್, ವಿ ಕುಡ್ ಹ್ಯಾವ್ ಸೀನ್ ದ ಐಲ್ಯಾಂಡ್.’ ಅಸಲಿ ಗೊಂದಲ ಇಲ್ಲಿರುವುದು, ಆದ್ದರಿಂದ ಸ್ವಲ್ಪ ನಿಧಾನ. ‘ಒಂಬತ್ತಕ್ಕೆ ಹೊರಟಿದ್ದರೆ ದ್ವೀಪ ನೋಡಬಹುದಿತ್ತು.’ ನೋಡಲಿಲ್ಲ ಎಂಬುದು ಆ ‘ಇತ್ತು’ವಿನಲ್ಲೇ ಇದೆ. ಅದೇ ತುಂಡುಗಳನ್ನು ಅದಲು ಬದಲು ಮಾಡಿ ‘ನೋಡಿರಬಹುದು’ ಎಂದರೆ ಅರ್ಥವೇ ತಿರುಗುತ್ತದೆ: ನೋಡಿದ್ದಾರೋ ಇಲ್ಲವೋ ನಮಗೆ ಗೊತ್ತಿಲ್ಲ. ‘ಹಿ ಕುಡ್ ಹ್ಯಾವ್ ಮಿಸ್ಡ್ ದ ಬಸ್’ ಎಂಬಲ್ಲಿ ಇಂಗ್ಲಿಷ್‌ಗೆ ಎರಡೂ ಅರ್ಥ ಉಂಟು, ಕನ್ನಡದಲ್ಲಿ ನೀವು ಒಂದನ್ನು ಆರಿಸಲೇಬೇಕು. ಆ ಮನುಷ್ಯ ಇನ್ನೂ ಬಂದಿಲ್ಲ, ಯಾಕೆಂದು ತಿಳಿಯದು ಅಂದರೆ ‘ಬಸ್ ತಪ್ಪಿರಬಹುದು’. ಓಡಿಬಂದು ಹತ್ತಿದ, ಸ್ವಲ್ಪದರಲ್ಲಿ ಉಳಿದ ಅಂದರೆ ‘ಬಸ್ ತಪ್ಪುತ್ತಿತ್ತು’. ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಕೊನೆಗೆ ಏನಾಯಿತೆಂದು ಹೇಳುವವನಿಗೆ ಗೊತ್ತೋ ಇಲ್ಲವೋ? ಗೊತ್ತಿಲ್ಲದಿದ್ದರೆ ‘-ಇರಬಹುದು’. ಹಾಗೆ ಆಗಲಿಲ್ಲ ಎಂದು ಗೊತ್ತಿದ್ದರೆ ‘-ಬಹುದಿತ್ತು’ ಅಥವಾ ‘-ತ್ತಿತ್ತು’.

ಇದರ ನಿಷೇಧ ರೂಪ ಇನ್ನೂ ಮೋಸ. ‘ಕುಡ್‌ನಾಟ್ ಹ್ಯಾವ್ ಸೀನ್’ ಎಂದರೆ ‘ನೋಡಬಾರದಿತ್ತು’ ಅಲ್ಲ ಮಾರಾಯ್ರೆ! ಅದು ನೋಡಿದ್ದು ತಪ್ಪು ಎಂದು ಬೈದ ಹಾಗೆ. ಬೇಕಾದದ್ದು ‘ನೋಡಲು ಆಗುತ್ತಿರಲಿಲ್ಲ’. ನಾವು ಮಾತಾಡುವಾಗ ‘ನೋಡ್ಲಿಕ್ಕೆ ಆಗ್ತಿರ್ಲಿಲ್ಲ’ ಎನ್ನುತ್ತೇವಲ್ಲ, ಅದೇ. ಮೊದಲು ಹಾಗೆ ಬಾಯಲ್ಲಿ ಹೇಳಿ ಆಮೇಲೆ ಬರೆದರೆ ತಪ್ಪುವುದು ಕಡಿಮೆ.

‘ಇಫ್ ದ ವಿಂಡ್ ರೋಸ್ ನೌ, ಹಿ ವುಡ್ ಟರ್ನ್ ಬ್ಯಾಕ್.’ ಗಾಳಿ ಇನ್ನೂ ಎದ್ದಿಲ್ಲ, ಆದರೆ ಏಳಬಾರದೆಂದೇನಿಲ್ಲ. ಇಲ್ಲಿ ‘ತಿರುಗಿಸುತ್ತಿದ್ದ’ ಎಂದರೆ ಆ ಬಾಗಿಲು ಮುಚ್ಚಿಬಿಡುತ್ತದೆ. ಶಾಲೆಯಲ್ಲಿ ಸಂಭಾವನಾರ್ಥಕ ಎಂದು ಬಾಯಿಪಾಠ ಮಾಡಿಸಿದ್ದರಲ್ಲ, ಬಂದಾನು, ಬಂದೀತು? ಅದು ಸುಮ್ನೆ ಅಂಕಕ್ಕಲ್ಲ, ಇಂಥ ಕಡೆಗೆ: ‘ಈಗ ಗಾಳಿ ಎದ್ದರೆ ದೋಣಿ ತಿರುಗಿಸಿಯಾನು.’ ಕಥೆಗೆ ಇದು ಚೆನ್ನಾಗಿ ಕೂರುತ್ತದೆ. ವರದಿಯಲ್ಲಿ ಜಾಸ್ತಿ ಹಾಕಿದರೆ ಹಳೆಯ ಧಾಟಿ ಅನ್ನಿಸುತ್ತದೆ, ಅಲ್ಲಿ ‘ತಿರುಗಿಸಬಹುದು’ ಸಾಕು.

ಬಾಲ ನೋಡಿದರೂ ಕೈಕೊಡುವ ಜಾಗ ಒಂದಿದೆ. ‘ಹೋದರೆ ಅಜ್ಜಿ ಪತ್ರೊಡೆ ಮಾಡುತ್ತಿದ್ದರು’, ‘ಹೋಗಿದ್ದರೆ ಅಜ್ಜಿ ಪತ್ರೊಡೆ ಮಾಡುತ್ತಿದ್ದರು’. ಬಾಲ ಒಂದೇ. ಮೊದಲನೆಯದು ರೂಢಿ: ಹೋದಾಗೆಲ್ಲ ಮಾಡುತ್ತಿದ್ದರು, ನಾವು ತಿಂದಿದ್ದೇವೆ. ಎರಡನೆಯದರಲ್ಲಿ ನಾವು ಹೋಗಲೇ ಇಲ್ಲ. ಇಂಗ್ಲಿಷ್‌ನ ‘ವುಡ್ ಮೇಕ್’ ಬಾಲ್ಯದ ನೆನಪಿನ ನಡುವೆ ಬಂದರೆ ಅದು ಹೆಚ್ಚಾಗಿ ಈ ರೂಢಿಯ ವುಡ್. ಆಗ ‘ಹೋಗಿದ್ದರೆ’ ಬೇಡ, ‘ಹೋದರೆ’ ಅಥವಾ ‘ಹೋದಾಗ’ ಹಾಕಿ.